ಅಂಗಡಿ ಶುಂಠಿಯಿಂದ ಗ್ರೋ ಬ್ಯಾಗ್ ಬೆಳೆ: ಯಾವಾಗ ನೆಡಬೇಕು, ಕೀಳುವ ಹೊತ್ತು ಗೊತ್ತಾಗುವುದು ಹೇಗೆ

ಯುಗಾದಿ ಕಳೆದು ಸೆಕೆ ಏರುತ್ತಿದ್ದಂತೆ ಅಡುಗೆಮನೆಯ ಬುಟ್ಟಿಯಲ್ಲಿದ್ದ ಶುಂಠಿ ತಾನಾಗಿಯೇ ಮೊಳಕೆಯೊಡೆಯತೊಡಗುತ್ತದೆ. ಅದನ್ನು ಕಂಡ ಎಷ್ಟೋ ಮಂದಿ ಒಂದು ಗ್ರೋ ಬ್ಯಾಗ್ ತಂದು, ಬಾಯಿಮಟ್ಟ ಮಣ್ಣು ತುಂಬಿ, ತುಂಡನ್ನು ಆಳವಾಗಿ ಹೂತುಬಿಡುತ್ತಾರೆ. ಗಿಡವೇನೋ ಬರುತ್ತದೆ. ಆದರೆ ಆಗಸ್ಟ್‌ನಲ್ಲಿ ಎಲೆ ಹಳದಿಯಾದಾಗ ಅದು ಮಾಗಿದ ಗುರುತೋ ಕೊಳೆತದ್ದೋ ತಿಳಿಯುವುದಿಲ್ಲ. ಅಗೆದು ನೋಡಿದರೆ ನೆಟ್ಟಷ್ಟೇ ಶುಂಠಿ ಸಿಗುತ್ತದೆ, ಕೆಲವೊಮ್ಮೆ ಅದೂ ಸಿಗುವುದಿಲ್ಲ.

ಈ ಎರಡು ತೊಂದರೆಗಳಿಗೂ ಉತ್ತರ ಗಿಡದ ಸ್ವಭಾವದಲ್ಲೇ ಇದೆ. ಶುಂಠಿ ಯಾವ ದಿಕ್ಕಿಗೆ ಬೆಳೆಯುತ್ತದೆ, ವರ್ಷದ ಯಾವ ತಿಂಗಳಲ್ಲಿ ಏನು ಮಾಡುತ್ತದೆ ಎನ್ನುವುದು ಗೊತ್ತಾದರೆ ಉಳಿದದ್ದು ಕಷ್ಟವಲ್ಲ. ಬೆಂಗಳೂರಿನ ಒಂದು ತಾರಸಿ, ಹದಿನೈದು ಇಂಚು ಅಗಲ, ಹದಿನೈದು ಇಂಚು ಎತ್ತರದ ಒಂದು ಚೀಲ, ಏಪ್ರಿಲ್‌ನಲ್ಲಿ ನೆಟ್ಟ ಮೂರು ತುಂಡು ಶುಂಠಿ. ಇಷ್ಟನ್ನೇ ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ನೋಡೋಣ.

## ಶುಂಠಿ ಬೇರಲ್ಲ, ಕಾಂಡ

ಮಣ್ಣಿನೊಳಗೆ ಇರುವುದರಿಂದ ಶುಂಠಿಯನ್ನು ಬೇರು ಎಂದುಕೊಳ್ಳುವುದು ಸಹಜ. ನಿಜದಲ್ಲಿ ಅದು ನೆಲದೊಳಗೆ ಅಡ್ಡಡ್ಡವಾಗಿ ಮಲಗಿ ಬೆಳೆಯುವ ಕಾಂಡ. ಒಂದು ತುಂಡನ್ನು ಕೈಯಲ್ಲಿ ಹಿಡಿದು ನೋಡಿದರೆ ಸುತ್ತಲೂ ಉಂಗುರದಂಥ ಗೆರೆಗಳು ಕಾಣುತ್ತವೆ. ಅವು ಕಾಂಡದ ಗಿಣ್ಣುಗಳು. ಗಿಣ್ಣಿನ ಪಕ್ಕದಲ್ಲಿ, ಹೆಚ್ಚಾಗಿ ಬೆರಳುಗಳ ತುದಿಯಲ್ಲಿ, ತಿಳಿ ಹಳದಿಯ ಚೂಪಾದ ಉಬ್ಬು ಇರುತ್ತದೆ. ಅದೇ ಕಣ್ಣು. ಹೊಸ ಗಿಡ ಹೊರಡುವುದು ಅಲ್ಲಿಂದ. ನಿಜವಾದ ಬೇರುಗಳು ಗೆಡ್ಡೆಯ ಕೆಳಗಡೆಯಿಂದ ಇಳಿಯುತ್ತವೆ, ನಾವು ಅವನ್ನು ತಿನ್ನುವುದಿಲ್ಲ.

ಇದನ್ನು ಅರ್ಥಮಾಡಿಕೊಳ್ಳಲು ಬಾಳೆಯನ್ನು ನೆನಪಿಸಿಕೊಂಡರೆ ಸಾಕು. ಶುಂಠಿ ಅದಕ್ಕೆ ದೂರದ ನೆಂಟನೂ ಹೌದು. ಬಾಳೆಯಲ್ಲಿ ಕಂಬದಂತೆ ಕಾಣುವುದು ಒಂದರೊಳಗೊಂದು ಸುತ್ತಿಕೊಂಡ ಎಲೆಬುಡಗಳು, ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ಆ ಗೆಡ್ಡೆಯ ಪಕ್ಕದಿಂದ ಕಂದು ಏಳುತ್ತದೆ, ಕಂದಿನ ಪಕ್ಕದಿಂದ ಇನ್ನೊಂದು. ಶುಂಠಿಯೂ ಹೀಗೆಯೇ. ನೆಟ್ಟ ತುಂಡಿನಿಂದ ಮೊದಲ ಸಸಿ ಏಳುತ್ತದೆ, ಅದರ ಬುಡ ಊದಿ ತಾಯಿಗೆಡ್ಡೆಯಾಗುತ್ತದೆ. ತಾಯಿಗೆಡ್ಡೆಯ ಪಕ್ಕದಿಂದ ಬೆರಳು ಹೊರಟು ತನ್ನದೇ ಸಸಿಯನ್ನು ಮೇಲಕ್ಕೆ ಕಳಿಸುತ್ತದೆ. ಹಾಗಾಗಿ ಚೀಲದ ಮೇಲೆ ಹೊಸ ಸಸಿ ಕಾಣಿಸಿತೆಂದರೆ ಒಳಗೆ ಹೊಸ ಬೆರಳು ಬೆಳೆಯುತ್ತಿದೆ ಎಂದೇ ಅರ್ಥ. ಅಗೆಯದೆಯೇ ಬೆಳೆಯ ಅಂದಾಜು ಸಿಗುವುದು ಸಸಿಗಳ ಎಣಿಕೆಯಿಂದ.

ಇಲ್ಲಿ ಗಮನಿಸಬೇಕಾದ್ದು, ಹೊಸ ಬೆರಳುಗಳು ಪಕ್ಕಕ್ಕೆ ಮತ್ತು ಸ್ವಲ್ಪ ಮೇಲಕ್ಕೆ ಸಾಗುತ್ತವೆಯೇ ಹೊರತು ಗೆಣಸಿನಂತೆ ಕೆಳಕ್ಕೆ ಇಳಿಯುವುದಿಲ್ಲ. ಆಳದ ಚೀಲವನ್ನು ಹೇಗೆ ಬಳಸಬೇಕು ಎನ್ನುವುದೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

## ಅಂಗಡಿಯಲ್ಲಿ ಯಾವುದನ್ನು ಆರಿಸಬೇಕು

ಮಾರುಕಟ್ಟೆಗೆ ಬರುವ ಶುಂಠಿಯಲ್ಲಿ ಎಳೆಯದು, ಬಲಿತದ್ದು ಎಂದು ಎರಡು ಬಗೆ. ಎಳೆ ಶುಂಠಿಯ ಸಿಪ್ಪೆ ತೆಳ್ಳಗೆ, ಹೆಬ್ಬೆರಳಿನಿಂದ ಉಜ್ಜಿದರೆ ಎದ್ದುಬರುವಂತಿರುತ್ತದೆ. ತೊಕ್ಕಿಗೆ, ಚಟ್ನಿಗೆ ಅದು ಸೊಗಸು. ನೆಡಲು ಮಾತ್ರ ಬೇಡ, ಕಣ್ಣು ಬಲಿತಿರುವುದಿಲ್ಲ, ಮಣ್ಣಿಗೆ ಹೋದರೆ ಕೊಳೆಯುವುದೇ ಹೆಚ್ಚು. ಬೇಕಾದದ್ದು ಒಂಬತ್ತು-ಹತ್ತು ತಿಂಗಳು ಬಲಿತು, ಕಿತ್ತ ಮೇಲೆ ಒಂದೆರಡು ತಿಂಗಳು ಬಿದ್ದುಕೊಂಡಿದ್ದ ಶುಂಠಿ.

ಬಿದ್ದುಕೊಂಡಿರಬೇಕು ಎನ್ನುವುದಕ್ಕೆ ಕಾರಣವಿದೆ. ಮಾಗಿದ ಗೆಡ್ಡೆ ಕೆಲವು ವಾರ ನಿದ್ರೆಯಲ್ಲಿರುತ್ತದೆ. ಆಗ ಎಷ್ಟು ನೀರು ಕೊಟ್ಟರೂ ಮೊಳಕೆ ಬಾರದು. ಹಾಸನ, ಶಿವಮೊಗ್ಗ, ಕೊಡಗು, ಮೈಸೂರು ಕಡೆಯ ಬೆಳೆ ಹೆಚ್ಚಾಗಿ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಕೀಳುವಂಥದ್ದು. ಮಾರ್ಚ್–ಏಪ್ರಿಲ್ ಹೊತ್ತಿಗೆ ಆ ನಿದ್ರೆ ಮುಗಿದಿರುತ್ತದೆ, ಸೆಕೆಯೂ ಸೇರಿ ಕಣ್ಣು ತೆರೆಯುತ್ತದೆ. ಅಡುಗೆಮನೆಯ ಶುಂಠಿ ಅದೇ ತಿಂಗಳಲ್ಲಿ ಮೊಳೆಯುವುದು ಇದರಿಂದಲೇ.

ಸಂತೆಯಲ್ಲಿ ಮಣ್ಣು ಮೆತ್ತಿಕೊಂಡೇ ಇರುವ ಶುಂಠಿ ಸಿಕ್ಕರೆ ಅದನ್ನೇ ಕೊಳ್ಳಿ. ತೊಳೆದು ಪಾಲಿಶ್ ಮಾಡಿದ್ದರಲ್ಲಿ ಕಣ್ಣುಗಳು ಮುರಿದಿರುತ್ತವೆ. ಇನ್ನೊಂದು ಮಾತು ತಿಳಿದಿರಬೇಕು: ಈರುಳ್ಳಿ, ಆಲೂಗೆಡ್ಡೆಯಂತೆ ಶುಂಠಿಗೂ ಮೊಳಕೆ ಬಾರದಂತೆ ವಿಕಿರಣ ಹಾಯಿಸಲು ನಮ್ಮ ದೇಶದಲ್ಲಿ ಅನುಮತಿ ಇದೆ. ತಿನ್ನಲು ಅದರಿಂದ ತೊಂದರೆಯಿಲ್ಲ. ಆದರೆ ಕಣ್ಣು ಸತ್ತಿರುತ್ತದೆ, ರಾತ್ರಿಯಿಡೀ ನೀರಿನಲ್ಲಿ ನೆನೆಸಿಟ್ಟರೂ ಅದು ಬದುಕುವುದಿಲ್ಲ. ಆದ್ದರಿಂದ ಅನುಮಾನಕ್ಕೆ ಎಡೆಯಿಲ್ಲದ ದಾರಿ ಒಂದೇ. ಬೇಕಾದ್ದಕ್ಕಿಂತ ಹೆಚ್ಚು ತಂದು, ನೆರಳಿನಲ್ಲಿ ಗಾಳಿಯಾಡುವ ತಟ್ಟೆಯ ಮೇಲೆ ಹರಡಿ, ಎರಡು ವಾರ ಕಾಯಿರಿ. ಕಣ್ಣು ಉಬ್ಬಿದ್ದನ್ನು ನೆಡಿ, ಉಬ್ಬದ್ದನ್ನು ಚಹಾಕ್ಕೆ ಜಜ್ಜಿ.

ನೆಡುವ ಪ್ರತಿ ತುಂಡೂ ಒಂದೂವರೆಯಿಂದ ಎರಡು ಇಂಚು ಉದ್ದ, 20–25 ಗ್ರಾಂ ತೂಕ ಇದ್ದು, ಒಂದೆರಡು ಒಳ್ಳೆಯ ಕಣ್ಣು ಹೊಂದಿರಬೇಕು. ಮೊದಲ ಒಂದು ತಿಂಗಳು ಸಸಿಗೆ ಊಟವೆಲ್ಲ ಆ ತುಂಡಿನೊಳಗಿಂದಲೇ ಬರುತ್ತದೆ, ಅದಕ್ಕೇ ಗಾತ್ರದ ವಿಷಯದಲ್ಲಿ ಜಿಪುಣತನ ಬೇಡ. ಕತ್ತರಿಸಿದ ಮೇಲೆ ಕೂಡಲೇ ನೆಡದೆ, ಗಾಯ ಒಣಗಿ ಮೇಲೊಂದು ಪೊರೆ ಕಟ್ಟುವ ತನಕ ಎರಡು-ಮೂರು ದಿನ ನೆರಳಲ್ಲಿ ಬಿಡಿ. ಹಸಿ ಗಾಯವೇ ಕೊಳೆ ರೋಗಕ್ಕೆ ಬಾಗಿಲು. ಹೊಲದಲ್ಲಿ ನೆಡುವವರು ಬಿತ್ತನೆ ಶುಂಠಿಯನ್ನು ಶಿಲೀಂಧ್ರನಾಶಕದಲ್ಲಿ ಅದ್ದುತ್ತಾರೆ. ಮೂರು ತುಂಡಿಗೆ ಅದು ಬೇಕಿಲ್ಲ. ಮೆತ್ತಗಾದ, ಒಳಗೆ ಕಂದು ಗೆರೆ ಇರುವ ತುಂಡನ್ನು ಎತ್ತಿ ಬಿಸಾಡುವ ಕಟ್ಟುನಿಟ್ಟು ಇದ್ದರೆ ಸಾಕು.

## ಏಪ್ರಿಲ್ ಏಕೆ, ಜುಲೈ ಏಕಲ್ಲ

ಶುಂಠಿಯ ಬೆಳೆಗೆ ಎಂಟರಿಂದ ಒಂಬತ್ತು ತಿಂಗಳು ಬೇಕು ಎಂದು ಎಲ್ಲ ಕಡೆ ಬರೆದಿರುತ್ತದೆ. ಅದನ್ನು ಓದಿ, ಜುಲೈಯಲ್ಲಿ ನೆಟ್ಟರೆ ಮಾರ್ಚ್‌ನಲ್ಲಿ ಕಿತ್ತರಾಯಿತು ಎಂದು ಲೆಕ್ಕ ಹಾಕುವುದುಂಟು. ಲೆಕ್ಕ ಹಾಗೆ ಕೂಡುವುದಿಲ್ಲ.

ಬೇಸಿಗೆಯ ದೀರ್ಘ ಹಗಲು, ಬಿಸಿ, ತೇವ ಇರುವಾಗ ಶುಂಠಿ ಎಲೆ ಬಿಡುತ್ತದೆ, ಸಸಿಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಸೆಪ್ಟೆಂಬರ್ ದಾಟಿ ಹಗಲು ಮೊಟಕಾಗುತ್ತಿದ್ದಂತೆ ಎಲೆಯಲ್ಲಿ ತಯಾರಾದ ಆಹಾರವೆಲ್ಲ ಗೆಡ್ಡೆಗೆ ಇಳಿಯತೊಡಗುತ್ತದೆ. ಡಿಸೆಂಬರ್‌ನ ಚಳಿ, ಒಣಗಾಳಿ ಬಂದರೆ ಗಿಡ ಅಂಗಡಿ ಮುಚ್ಚುತ್ತದೆ, ನೀವು ಯಾವಾಗ ನೆಟ್ಟಿರಿ ಎಂದು ಅದು ನೋಡುವುದಿಲ್ಲ. ಅಂದರೆ ಮುಗಿಯುವ ತಿಂಗಳು ಹೆಚ್ಚುಕಡಿಮೆ ಗೊತ್ತುಪಡಿಸಿದಂತಿದೆ. ನಮ್ಮ ಕೈಯಲ್ಲಿರುವುದು ಶುರುಮಾಡುವ ತಿಂಗಳು ಮಾತ್ರ. ಏಪ್ರಿಲ್‌ನಲ್ಲಿ ನೆಟ್ಟ ಗಿಡಕ್ಕೆ ಎಲೆ ಮತ್ತು ಸಸಿ ಕೂಡಿಸಿಕೊಳ್ಳಲು ಐದು ತಿಂಗಳಿಗೂ ಹೆಚ್ಚು ಸಿಗುತ್ತದೆ. ಜುಲೈ ಕೊನೆಗೆ ನೆಟ್ಟದ್ದಕ್ಕೆ ಎರಡೇ ತಿಂಗಳು. ಅದೂ ಜನವರಿಯಲ್ಲಿ ಹಳದಿಯಾಗುತ್ತದೆ, ಗೆಡ್ಡೆ ಮಾತ್ರ ಕಿರಿದು.

ನೀರಿನ ಅನುಕೂಲವಿರುವ ರೈತರು ಫೆಬ್ರವರಿ, ಮಾರ್ಚ್‌ನಲ್ಲೇ ನೆಡುತ್ತಾರೆ. ಮಳೆಯನ್ನು ನಂಬಿದವರು ಅಶ್ವಿನಿ, ಭರಣಿ ಮಳೆ ನೋಡಿಕೊಂಡು ಏಪ್ರಿಲ್ ನಡುವಿನಿಂದ ಮೇ ಮೊದಲ ವಾರದೊಳಗೆ ನೆಡುತ್ತಾರೆ. ತಾರಸಿಯವರಿಗೂ ಈ ಎರಡನೆಯದೇ ಸರಿಹೊಂದುತ್ತದೆ. ಮೇ ಮುಗಿದ ಮೇಲೂ ನೆಡಬಹುದು, ಇಳುವರಿಯ ಆಸೆಯನ್ನು ಅದಕ್ಕೆ ತಕ್ಕಂತೆ ಇಳಿಸಿಕೊಳ್ಳಬೇಕು, ಅಷ್ಟೆ.

## ಆಳದ ಚೀಲಕ್ಕೆ ಮೊದಲು ಮುಕ್ಕಾಲಿಗಿಂತ ಕಡಿಮೆ ಮಣ್ಣು

ಗೆಡ್ಡೆ ಕೆಳಗೆ ಇಳಿಯದಿದ್ದರೆ ಆಳದ ಚೀಲ ಏಕೆ ಬೇಕು? ಎರಡು ಕಾರಣಕ್ಕೆ. ಗೆಡ್ಡೆಯ ಕೆಳಗೆ ಬೇರಿಗೆ ಏಳೆಂಟು ಇಂಚು ಸಡಿಲ ಮಣ್ಣು ಬೇಕು, ಹೆಚ್ಚಾದ ನೀರು ಗೆಡ್ಡೆಯಿಂದ ದೂರಕ್ಕೆ ಇಳಿದುಹೋಗಲು ಆ ಜಾಗವೇ ಆಧಾರ. ಎರಡನೆಯದು, ಮೇಲೆ ಖಾಲಿ ಉಳಿಸಿಕೊಂಡ ಜಾಗ. ಬೆರಳುಗಳು ಮೇಲಕ್ಕೆ ಬಂದಂತೆಲ್ಲ ಅಲ್ಲಿ ಮಣ್ಣು ಏರಿಸುತ್ತ ಹೋಗಬೇಕು. ಚೀಲವನ್ನು ಮೊದಲೇ ಬಾಯಿಮಟ್ಟ ತುಂಬಿದರೆ ಈ ಎರಡನೆಯ ಲಾಭ ಹೋಯಿತು. ಆಳಕ್ಕಿಂತಲೂ ಅಗಲ ಮುಖ್ಯ ಎನ್ನುವುದನ್ನು ಕೊಳ್ಳುವಾಗಲೇ ನೆನಪಿಡಿ. ಒಂಬತ್ತು ಇಂಚು ಅಗಲದ ಉದ್ದನೆಯ ಚೀಲಕ್ಕಿಂತ ಹದಿನೈದು ಇಂಚು ಅಗಲದ ಗಿಡ್ಡನೆಯದು ಮೇಲು.

ನಮ್ಮ ಹದಿನೈದು ಇಂಚಿನ ಚೀಲ ಪೂರ್ತಿ ತುಂಬಲು ಹತ್ತು ಲೀಟರಿನ ಬಕೆಟ್‌ನಲ್ಲಿ ಸುಮಾರು ನಾಲ್ಕು ಬಕೆಟ್ ಮಿಶ್ರಣ ಹಿಡಿಯುತ್ತದೆ. ಎರಡು ಬಕೆಟ್ ಕೆಂಪು ಮಣ್ಣು, ಒಂದು ಬಕೆಟ್ ತೊಳೆದು ಹಿಂಡಿದ ಕೊಕೊಪೀಟ್, ಒಂದು ಬಕೆಟ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಮಣ್ಣು ಅಂಟಂಟಾಗಿದ್ದರೆ ಅದರಲ್ಲಿ ಸ್ವಲ್ಪ ಕಡಿಮೆ ಮಾಡಿ ದಪ್ಪ ಮರಳು ಸೇರಿಸಿ. ಮಿಶ್ರಣ ಹದವಾಗಿದೆಯೇ ಎಂದು ತಿಳಿಯಲು ಒದ್ದೆ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಸುಕಿ. ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು.

ಇದರಲ್ಲಿ ಮೂರು ಬಕೆಟ್‌ಗಿಂತ ಕೊಂಚ ಕಡಿಮೆ ಹಾಕಿದರೆ ಚೀಲದಲ್ಲಿ ಹತ್ತು ಇಂಚು ಮಣ್ಣು ನಿಲ್ಲುತ್ತದೆ. ಉಳಿದದ್ದನ್ನು ಮುಚ್ಚಿಡಿ. ಚೀಲದ ಅಂಚನ್ನು ಹೊರಗೆ ಮಡಚಿಬಿಟ್ಟರೆ ಎಳೆ ಸಸಿಗೆ ಗಾಳಿ ಬೆಳಕು ತಡೆಯಾಗುವುದಿಲ್ಲ. ಮೂರು ತುಂಡುಗಳನ್ನು ತ್ರಿಕೋನದಲ್ಲಿ, ಒಂದರಿಂದೊಂದು ಎಂಟು ಇಂಚು ದೂರ, ಅಂಚಿನಿಂದ ಮೂರು ಇಂಚು ಒಳಗೆ ಇಡಿ. ಕಣ್ಣು ಮೇಲ್ಮುಖವಾಗಿರಲಿ, ಮೇಲೆ ಎರಡೇ ಇಂಚು ಮಣ್ಣು. ಅದರ ಮೇಲೆ ತರಗೆಲೆ ಅಥವಾ ಒಣಹುಲ್ಲಿನ ಹೊದಿಕೆ. ಚೀಲವನ್ನು ನೇರ ಕಾಂಕ್ರೀಟಿನ ಮೇಲಿಡದೆ ಇಟ್ಟಿಗೆಗಳ ಮೇಲಿಟ್ಟರೆ ತಳದ ತೂತುಗಳಿಂದ ನೀರು ಸರಾಗ ಇಳಿಯುತ್ತದೆ, ಮೇ ತಿಂಗಳ ತಾರಸಿಯ ಕಾವೂ ಬೇರಿಗೆ ತಟ್ಟುವುದಿಲ್ಲ. ಬೆಳಗಿನ ಬಿಸಿಲು ಬಿದ್ದು, ಮಧ್ಯಾಹ್ನದ ಬಿಸಿಲಿಗೆ ನೆರಳು ಸಿಗುವ ಮೂಲೆ ಶುಂಠಿಗೆ ಹಿತ.

ಸಸಿ ಮೇಲೆ ಬರಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಈ ಹೊತ್ತಿನಲ್ಲಿ ಆತುರಕ್ಕೆ ಬಿದ್ದು ನೀರು ಸುರಿಯುವುದರಿಂದಲೇ ಅರ್ಧಕ್ಕರ್ಧ ತುಂಡುಗಳು ಕೊಳೆಯುವುದು. ಎಲೆಯೇ ಇಲ್ಲದ ಗೆಡ್ಡೆ ನೀರು ಕುಡಿಯುವುದು ಬಹಳ ಕಡಿಮೆ. ಹೊದಿಕೆ ಸರಿಸಿ ಒಂದು ಇಂಚು ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ಚಿಮುಕಿಸಿ.

ನೆಟ್ಟು ಒಂದೂವರೆ ತಿಂಗಳಾದಾಗ, ಅಂದರೆ ಜೂನ್ ಮೊದಲ ವಾರ, ಎತ್ತಿಟ್ಟ ಮಿಶ್ರಣದಿಂದ ಎರಡು ಇಂಚು ಏರಿಸಿ. ಮೂರು ತಿಂಗಳಿಗೆ, ಜುಲೈ ನಡುವೆ, ಮತ್ತೆ ಎರಡು ಇಂಚು. ಎರಡು ಸಲವೂ ಒಂದು ಹಿಡಿ ಎರೆಗೊಬ್ಬರ ಬೆರೆಸಿ, ಮೇಲೆ ಹೊಸ ಹೊದಿಕೆ ಹಾಕಿ. ನಡುವೆ ಎಲ್ಲಾದರೂ ಬೆರಳಿನ ತುದಿ ಮಣ್ಣಿನಿಂದ ಇಣುಕಿದರೆ ಆಗಲೇ ಮುಚ್ಚಿ. ಬೆಳಕು ತಾಗಿದ ಬೆರಳು ಹಸಿರಾಗಿ, ಊದುವುದನ್ನು ಬಿಟ್ಟು ಸಸಿಯಾಗಲು ಹೊರಡುತ್ತದೆ.

ಮಳೆ ಹಿಡಿದ ಮೇಲೆ ನೀರು ಕೊಡುವ ಕೆಲಸ ಕಡಿಮೆ, ನೀರು ನಿಲ್ಲದಂತೆ ನೋಡುವ ಕೆಲಸ ಹೆಚ್ಚು. ಆದರೆ ಗೆಡ್ಡೆ ಕಟ್ಟತೊಡಗುವ ಮೂರನೆಯ ತಿಂಗಳಲ್ಲೂ ಅದು ಊದುವ ಐದನೆಯ ತಿಂಗಳಿನ ಆಸುಪಾಸಿನಲ್ಲೂ ಮಳೆ ಕೈಕೊಟ್ಟರೆ ಚೀಲ ಒಣಗಲು ಬಿಡಬಾರದು. ಹೊಲದ ಬೆಳೆಗೆ ನೆಲದಾಳದ ತೇವವಾದರೂ ಇರುತ್ತದೆ, ಚೀಲಕ್ಕೆ ಅದೂ ಇಲ್ಲ.

## ಹಳದಿ ಎಲೆ: ಮಾಗಿದ್ದೋ, ಕೊಳೆತದ್ದೋ

ಹಳದಿ ಎಲೆ ಕಂಡಾಗ ಮೊದಲು ನೋಡಬೇಕಾದ್ದು ಕ್ಯಾಲೆಂಡರ್. ಏಪ್ರಿಲ್‌ನಲ್ಲಿ ನೆಟ್ಟ ಶುಂಠಿ ನವೆಂಬರ್ ಕೊನೆಯ ಮೊದಲು ಮಾಗುವುದಿಲ್ಲ. ಜುಲೈ, ಆಗಸ್ಟ್, ಸೆಪ್ಟೆಂಬರ್‌ನ ಹಳದಿ ಎಂದರೆ ಏನೋ ಕೆಟ್ಟಿದೆ ಎಂದೇ ತಿಳಿಯಬೇಕು.

ಮಳೆಗಾಲದಲ್ಲಿ ಅತಿ ಹೆಚ್ಚು ಕಾಡುವುದು ಗೆಡ್ಡೆ ಕೊಳೆ. ಪಿಥಿಯಂ ಎಂಬ, ನೀರಿನಲ್ಲಿ ಹರಡುವ ಶಿಲೀಂಧ್ರದಂಥ ಜೀವಿ ಇದಕ್ಕೆ ಕಾರಣ. ಕೆಳಗಿನ ಎಲೆಗಳ ತುದಿ ಮತ್ತು ಅಂಚು ಹಳದಿಯಾಗಿ ಅದು ಮೇಲಕ್ಕೆ ಏರುತ್ತದೆ. ಎಲೆ ನೋಡಿ ತೀರ್ಮಾನಕ್ಕೆ ಬರದೆ ಬುಡ ನೋಡಿ. ಮಣ್ಣಿಗೆ ತಾಗುವ ಜಾಗದಲ್ಲಿ ಸಸಿ ನೀರು ಕುಡಿದಂತೆ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿದ್ದು, ಎರಡು ಬೆರಳಿನಿಂದ ಮೆಲ್ಲಗೆ ಎಳೆದರೆ ಸಲೀಸಾಗಿ ಕೈಗೆ ಬಂದರೆ ಅದು ಕೊಳೆಯೇ. ಮೂಸಿದರೆ ದುರ್ವಾಸನೆಯೂ ಇರುತ್ತದೆ. ಮಾಗಿದ ಗಿಡದ ಸಸಿ ಬುಡದಲ್ಲಿ ಒಣಗಿರುತ್ತದೆ, ಕೊಳೆತಿರುವುದಿಲ್ಲ.

ಇನ್ನೊಂದು, ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಇಲ್ಲಿ ಎಲೆ ಇನ್ನೂ ಹಸಿರಾಗಿರುವಾಗಲೇ ಸುರುಳಿ ಸುತ್ತಿಕೊಂಡು ಜೋಲುತ್ತದೆ, ನೀರು ಕೊಟ್ಟರೂ ಚೇತರಿಸುವುದಿಲ್ಲ, ಕೆಲವೇ ದಿನಗಳಲ್ಲಿ ಇಡೀ ಗಿಡ ಹಳದಿಯಾಗಿ ಬೀಳುತ್ತದೆ. ಅನುಮಾನ ಬಂದರೆ ಸಸಿಯ ಬುಡದಿಂದ ಎರಡು ಇಂಚಿನ ತುಂಡು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ನಿಲ್ಲಿಸಿ. ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಕೆಳಗಿಳಿದರೆ ರೋಗ ಖಚಿತ. ಈ ಎರಡು ರೋಗಗಳಲ್ಲಿ ಯಾವುದೇ ಬಂದರೂ ಆ ಚೀಲವನ್ನು ಉಳಿದವುಗಳಿಂದ ದೂರ ಸರಿಸಿ, ಅದರ ನೀರು ಬೇರೆ ಚೀಲಕ್ಕೆ ಹರಿಯದಂತೆ ನೋಡಿ, ಆ ಮಣ್ಣನ್ನು ಶುಂಠಿಗೆ ಮತ್ತೆ ಬಳಸಬೇಡಿ. ಸೊರಗು ರೋಗದ ಮಣ್ಣನ್ನು ಟೊಮೆಟೊ, ಬದನೆಗೂ ಕೊಡದಿರುವುದು ಕ್ಷೇಮ. ಔಷಧ ಸುರಿದು ಚೀಲವನ್ನು ಉಳಿಸಿಕೊಳ್ಳುವ ಪ್ರಯತ್ನಕ್ಕಿಂತ, ಚೆನ್ನಾಗಿರುವ ಬೆರಳುಗಳನ್ನು ತೆಗೆದು ಅಡುಗೆಗೆ ಬಳಸುವುದು ಮೇಲು.

ಒಂದೇ ಒಂದು ಸಸಿಯ ಸುಳಿ ಹಳದಿಯಾಗಿ ಉಳಿದವು ಹಸಿರಾಗಿದ್ದರೆ ಹೆದರಬೇಕಿಲ್ಲ. ಆ ಸಸಿಯ ಮೇಲೆ ಪುಟ್ಟ ತೂತು, ತೂತಿನ ಬಾಯಲ್ಲಿ ಹಿಕ್ಕೆಯ ಪುಡಿ ಕಂಡರೆ ಅದು ಕಾಂಡ ಕೊರೆಯುವ ಹುಳುವಿನ ಕೆಲಸ. ಸಸಿಯನ್ನು ತೂತಿನ ಕೆಳಗೆ ಕತ್ತರಿಸಿ, ಸೀಳಿ, ಒಳಗಿನ ಹುಳುವನ್ನು ನಾಶಮಾಡಿದರೆ ಮುಗಿಯಿತು.

ಮಾಗಿದ ಹಳದಿ ಬೇರೆಯೇ ರೀತಿ. ಡಿಸೆಂಬರ್‌ನಲ್ಲಿ ಮೊದಲು ಎದ್ದ ಹಳೆಯ ಸಸಿಗಳಿಂದ ಶುರುವಾಗಿ, ಮೂರ್ನಾಲ್ಕು ವಾರಗಳಲ್ಲಿ ಎಲ್ಲ ಸಸಿಗಳಿಗೂ ನಿಧಾನವಾಗಿ, ಒಂದೇ ಸಮನಾಗಿ ಹರಡುತ್ತದೆ. ಎಲೆ ಒಣಗಿ ಗರಿಗರಿಯಾಗುತ್ತದೆ, ಸಸಿಗಳು ಒಂದೊಂದಾಗಿ ಪಕ್ಕಕ್ಕೆ ಒರಗುತ್ತವೆ. ಹೊಸ ಸಸಿ ಏಳುವುದು ಅಷ್ಟರಲ್ಲಿ ನಿಂತುಹೋಗಿರುತ್ತದೆ.

## ಕೀಳುವುದು: ಎಳೆಯದು ಬೇಕೋ, ಬಲಿತದ್ದೋ

ಶುಂಠಿಗೆ ಒಂದೇ ಕೊಯ್ಲು ಎಂದೇನಿಲ್ಲ. ಆರನೆಯ ತಿಂಗಳು ತುಂಬಿದ ಮೇಲೆ, ಅಕ್ಟೋಬರ್ ನಡುವಿನಿಂದ, ಗಿಡ ಹಸಿರಾಗಿರುವಾಗಲೇ ಎಳೆ ಶುಂಠಿ ತೆಗೆಯಬಹುದು. ಆಗ ನಾರು ಕಡಿಮೆ, ಖಾರವೂ ಹದ. ಚೀಲದ ಅಂಚಿನಲ್ಲಿ ಕೈಬೆರಳಿನಿಂದಲೇ ಮಣ್ಣು ಕೆದಕಿ, ಹೊರಗಿನ ಒಂದು ಬೆರಳನ್ನು ಗಿಣ್ಣಿನ ಬಳಿ ಮುರಿದುಕೊಂಡು ಮತ್ತೆ ಮುಚ್ಚಿ. ಉಳಿದದ್ದು ಬೆಳೆಯುತ್ತದೆ. ಮಳೆ ಜೋರಿರುವ ವಾರ ಮಾತ್ರ ಇದನ್ನು ಮಾಡಬೇಡಿ, ಮುರಿದ ಗಾಯಕ್ಕೆ ಒಣಗಲು ಪುರಸೊತ್ತು ಬೇಕು.

ಬಲಿತ ಶುಂಠಿ ಬೇಕಿದ್ದರೆ, ಅರ್ಧಕ್ಕಿಂತ ಹೆಚ್ಚು ಎಲೆ ಹಳದಿಯಾದಾಗ ನೀರು ನಿಲ್ಲಿಸಿ. ಎರಡು-ಮೂರು ವಾರದಲ್ಲಿ ಸಿಪ್ಪೆ ಬಲಿಯುತ್ತದೆ. ಒಂದು ಬೆರಳನ್ನು ತೆರೆದು ಹೆಬ್ಬೆರಳಿನಿಂದ ಒತ್ತಿ ಉಜ್ಜಿ. ಸಿಪ್ಪೆ ಸರಿದರೆ ಇನ್ನೊಂದು ವಾರ ಬಿಡಿ, ಸರಿಯದಿದ್ದರೆ ಸಿದ್ಧ. ನಮ್ಮ ಏಪ್ರಿಲ್ ಚೀಲಕ್ಕೆ ಈ ಹೊತ್ತು ಡಿಸೆಂಬರ್ ಕೊನೆಯಿಂದ ಸಂಕ್ರಾಂತಿಯ ಆಸುಪಾಸಿಗೆ ಬರುತ್ತದೆ. ಚೀಲವನ್ನು ಪಕ್ಕಕ್ಕೆ ಮಲಗಿಸಿ ಮಣ್ಣನ್ನೆಲ್ಲ ಟಾರ್ಪಾಲಿನ ಮೇಲೆ ಸುರಿದರೆ ಒಂದು ಬೆರಳೂ ಮುರಿಯುವುದಿಲ್ಲ. ಗುದ್ದಲಿ ಬೇಡ. 75 ಗ್ರಾಂ ನೆಟ್ಟ ಇಂಥ ಚೀಲದಿಂದ ಅರ್ಧ ಕೆ.ಜಿ. ಬಂದರೆ ಪರವಾಗಿಲ್ಲ, ಮುಕ್ಕಾಲರಿಂದ ಒಂದು ಕೆ.ಜಿ. ಬಂದರೆ ಬೆಳೆ ಚೆನ್ನಾಗಿದೆ ಎಂದು ಲೆಕ್ಕ.

ಆಗಲೇ ಬೇಡವೆನಿಸಿದರೆ ಒಣಮಣ್ಣಿನಲ್ಲೇ ಕೆಲವು ವಾರ ಬಿಡಬಹುದು, ನೀರು ತಾಗಬಾರದು. ಬೇಸಿಗೆ ಮಳೆ ಬಿದ್ದ ಕೂಡಲೇ ಅದು ಮತ್ತೆ ಮೊಳೆಯುತ್ತದೆ.

## ಅರಿಶಿನವಾದರೆ

ಅರಿಶಿನಕ್ಕೂ ನೆಡುವ ಕಾಲ, ಚೀಲ ತುಂಬುವ ಕ್ರಮ, ನೀರಿನ ಹದ ಇದೇ. ವ್ಯತ್ಯಾಸ ನಾಲ್ಕಾರು ಮಾತಿನಷ್ಟು. ಅಂಗಡಿಯ ಒಣ ಅರಿಶಿನ ಕೊಂಬನ್ನು ನೆಟ್ಟರೆ ಮೊಳೆಯುವುದಿಲ್ಲ, ಏಕೆಂದರೆ ಅದನ್ನು ಬೇಯಿಸಿ ಒಣಗಿಸಿರುತ್ತಾರೆ. ಹಸಿ ಅರಿಶಿನ ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಸಂಕ್ರಾಂತಿಯ ಹೊತ್ತಿಗೆ. ಆಗ ಕಾಲು ಕೆ.ಜಿ. ಕೊಂಡು, ಒಣ ಮರಳಿನಲ್ಲಿ ಹುದುಗಿಸಿ ನೆರಳಿನಲ್ಲಿಟ್ಟರೆ ಏಪ್ರಿಲ್‌ವರೆಗೆ ಉಳಿಯುತ್ತದೆ. ಗಿಡ ಮೂರಡಿ ಎತ್ತರ ಬೆಳೆದು ಎಲೆ ಅಗಲವಾಗಿ ಹರಡುವುದರಿಂದ ಇದೇ ಚೀಲಕ್ಕೆ ಎರಡು ತುಂಡು ಸಾಕು. ಕರಾವಳಿಯವರು ನಾಗರಪಂಚಮಿಯ ಕಡುಬಿಗೆ ಎಲೆ ಕೊಯ್ಯುವುದುಂಟು. ಪ್ರತಿ ಸಸಿಯಿಂದ ಒಂದೆರಡು ಹೊರ ಎಲೆ ತೆಗೆದರೆ ಗೆಡ್ಡೆಗೆ ನಷ್ಟವಿಲ್ಲ. ಕೀಳುವಾಗ ಮಾತ್ರ ಶುಂಠಿಗಿಂತ ಹೆಚ್ಚು ತಾಳ್ಮೆ ಬೇಕು. ಅರಿಶಿನವನ್ನು ಎಳೆಯದಾಗಿ ತೆಗೆದರೆ ಬಣ್ಣವೂ ಘಮವೂ ಪೂರ್ತಿ ಕೂಡಿರುವುದಿಲ್ಲ. ಎಲ್ಲ ಎಲೆಗಳೂ ಸಂಪೂರ್ಣ ಒಣಗಿ ನೆಲಕ್ಕೆ ಬಿದ್ದ ಮೇಲೆ, ಜನವರಿ ಕೊನೆಯಿಂದ ಫೆಬ್ರವರಿಯಲ್ಲಿ, ಕೀಳಿ. ಒಂದು ಬೆರಳು ಮುರಿದು ನೋಡಿದರೆ ಟಕ್ಕನೆ ಮುರಿಯಬೇಕು, ಒಳಗೆ ಅಂಚಿನಿಂದ ನಡುವಿನವರೆಗೂ ಕಿತ್ತಳೆ ಬಣ್ಣ ತುಂಬಿರಬೇಕು. ಮುಂದಿನ ವರ್ಷದ ಬಿತ್ತನೆಗೆ ಗುಂಡಗಿನ ತಾಯಿಗೆಡ್ಡೆಗಳನ್ನು ಎತ್ತಿಟ್ಟು, ಬೆರಳುಗಳನ್ನು ಅಡುಗೆಗೆ ಬಳಸಿಕೊಳ್ಳಬಹುದು.